ಮಬ್ಬನ್ನು ಅಳೆದು ಎಣಿಕೆ ಹೇಳುವುದು: 0.5 ಮೆಕ್‌ಫಾರ್ಲಂಡ್ ಎಂದರೆ ನಿಜಕ್ಕೂ ಎಷ್ಟು?

ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಎಣಿಸಬೇಕೆಂದರೆ ಕನಿಷ್ಠ ಒಂದು ರಾತ್ರಿ ಕಾಯಬೇಕು. ಆದರೆ ಆ ಎಣಿಕೆ ಬೇಕಾಗಿರುವುದು ಈಗಲೇ, ಕೈಯಲ್ಲಿರುವ ದ್ರಾವಣವನ್ನು ಮುಂದಿನ ಹಂತಕ್ಕೆ ಬಳಸುವ ಮೊದಲೇ. ಪ್ರತಿಜೀವಕದ ಸೂಕ್ಷ್ಮತೆ ಪರೀಕ್ಷೆ ಮಾಡುವವರಿಗೆ ಈ ಇಕ್ಕಟ್ಟು ಚೆನ್ನಾಗಿ ಗೊತ್ತು. ಇಂದು ಬೆಳಿಗ್ಗೆ ತಯಾರಿಸಿದ ಸಲೈನ್ ದ್ರಾವಣದಲ್ಲಿ ಎಷ್ಟು ಜೀವಕೋಶಗಳಿದ್ದವು ಎಂಬುದು ನಾಳೆ ತಿಳಿದರೆ, ಅಷ್ಟು ಹೊತ್ತಿಗೆ ಆ ದ್ರಾವಣದಲ್ಲಿದ್ದ ಎಣಿಕೆಯೇ ಬದಲಾಗಿರುತ್ತದೆ. ಆದ್ದರಿಂದ ನಾವು ಎಣಿಸುವುದನ್ನು ಬಿಟ್ಟು ದ್ರಾವಣ ಎಷ್ಟು ಮಬ್ಬಾಗಿದೆ ಎಂದು ನೋಡುತ್ತೇವೆ ಮತ್ತು ಆ ಮಬ್ಬಿನಿಂದ ಎಣಿಕೆಯನ್ನು ಊಹಿಸುತ್ತೇವೆ. ಈ ಊಹೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಜೋಸೆಫ್ ಮೆಕ್‌ಫಾರ್ಲಂಡ್ ತಮ್ಮ ವಿಧಾನವನ್ನು ಪ್ರಕಟಿಸಿದ್ದು 1907ರಲ್ಲಿ. ಅವರ ಮುಂದಿದ್ದದ್ದು ಸೂಕ್ಷ್ಮತೆ ಪರೀಕ್ಷೆಯಲ್ಲ. ಆಗ ಪ್ರತಿಜೀವಕಗಳೇ ಬಳಕೆಗೆ ಬಂದಿರಲಿಲ್ಲ. ರಕ್ತದ ಬಿಳಿಕಣಗಳು ಎಷ್ಟು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ ಎಂದು ಅಳೆಯುವ ಆಪ್ಸಾನಿಕ್ ಸೂಚ್ಯಂಕಕ್ಕೂ ಲಸಿಕೆಗಳ ತಯಾರಿಗೂ ಪ್ರತಿ ಬಾರಿ ಒಂದೇ ಸಾಂದ್ರತೆಯ ಬ್ಯಾಕ್ಟೀರಿಯಾ ದ್ರಾವಣ ಬೇಕಾಗಿತ್ತು. ಅವರು ಬೇರಿಯಂ ಕ್ಲೋರೈಡ್ ಮತ್ತು ಗಂಧಕಾಮ್ಲವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ, ಬಿಳಿ ಮಬ್ಬಿನ ಕೊಳವೆಗಳ ಒಂದು ಸಾಲನ್ನು ಸಿದ್ಧಪಡಿಸಿ, ಬ್ಯಾಕ್ಟೀರಿಯಾ ದ್ರಾವಣವನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಿದರು. ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಅದೇ ರಸಾಯನ, ಅದೇ ಹೋಲಿಕೆ ನಮ್ಮ ಪ್ರಯೋಗಾಲಯಗಳಲ್ಲಿ ಇನ್ನೂ ನಡೆಯುತ್ತಿದೆ. ಸಾಲಿನಲ್ಲಿ ಹಲವು ಕೊಳವೆಗಳಿದ್ದರೂ ನಮಗೆ ನಿತ್ಯ ಬೇಕಾಗುವುದು 0.5 ಎಂಬುದೊಂದೇ. ನಾನೂ ಅದನ್ನೇ ಹಿಡಿದು ಮಾತನಾಡುತ್ತೇನೆ.

ಮೊದಲು ಅದನ್ನು ತಯಾರಿಸುವ ರೀತಿ. ಎರಡು ಹರಳು ನೀರಿನ ಅಣುಗಳಿರುವ ಬೇರಿಯಂ ಕ್ಲೋರೈಡಿನ ಶೇ. 1.175 ದ್ರಾವಣವನ್ನು ಮಾಡಿಕೊಳ್ಳಿ; ಮೋಲಾರ್ ಲೆಕ್ಕದಲ್ಲಿ ಇದು 0.048. ಇನ್ನೊಂದು ಕಡೆ ಶೇ. 1 ಗಂಧಕಾಮ್ಲ, ಅಂದರೆ ಸುಮಾರು 0.18 ಮೋಲಾರ್. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸೇರಿಸಬಾರದು ಎಂಬುದನ್ನು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಈಗ 99.5 ಮಿ.ಲೀ. ಆಮ್ಲವನ್ನು ನಿರಂತರವಾಗಿ ಕಲಕುತ್ತಾ, ಅದಕ್ಕೆ 0.5 ಮಿ.ಲೀ. ಬೇರಿಯಂ ಕ್ಲೋರೈಡನ್ನು ಹನಿಹನಿಯಾಗಿ ಬಿಡಿ. ಕರಗದ ಬೇರಿಯಂ ಸಲ್ಫೇಟ್ ಹುಟ್ಟಿ ದ್ರಾವಣ ಮಬ್ಬಾಗುತ್ತದೆ. ಇದೇ 0.5 ಮೆಕ್‌ಫಾರ್ಲಂಡ್.

ಇಷ್ಟು ಸರಳವಾದ ಪಾಕದಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಎಂದು ತಿಳಿಯಬೇಕಾದರೆ ಎರಡು ದ್ರಾವಣಗಳ ಪ್ರಮಾಣವನ್ನು ಹೋಲಿಸಿ ನೋಡಬೇಕು. ಅಂತಿಮ ಮಿಶ್ರಣದಲ್ಲಿ ಬೇರಿಯಂ ಇರುವುದು 0.00024 ಮೋಲಾರ್, ಸಲ್ಫೇಟ್ ಇರುವುದು 0.18ರ ಆಸುಪಾಸು. ಸಲ್ಫೇಟು ಏಳುನೂರು ಪಟ್ಟಿಗಿಂತ ಹೆಚ್ಚಿರುವುದರಿಂದ ಬೇರಿಯಂ ಬಹುಮಟ್ಟಿಗೆ ಪೂರ್ತಿಯಾಗಿ ಕೆಳಗಿಳಿಯುತ್ತದೆ, ಮತ್ತು ಎಷ್ಟು ಮಬ್ಬು ಹುಟ್ಟಬೇಕೆಂಬುದನ್ನು ಬೇರಿಯಂ ಒಂದೇ ತೀರ್ಮಾನಿಸುತ್ತದೆ. ಆಮ್ಲವನ್ನು ಅಳೆಯುವಾಗ ಒಂದು ಮಿ.ಲೀ. ಹೆಚ್ಚು ಕಡಿಮೆಯಾದರೆ ಮಬ್ಬು ಶೇ. 1ರಷ್ಟು ಮಾತ್ರ ಬದಲಾಗುತ್ತದೆ. ಬೇರಿಯಂ ಕ್ಲೋರೈಡನ್ನು 0.1 ಮಿ.ಲೀ. ಹೆಚ್ಚು ಹಾಕಿದರೆ ಅದು ಶೇ. 20ರಷ್ಟು ಏರಿಬಿಡುತ್ತದೆ. ಪಠ್ಯಗಳಲ್ಲಿ 9.95 ಮಿ.ಲೀ. ಆಮ್ಲಕ್ಕೆ 0.05 ಮಿ.ಲೀ. ಬೇರಿಯಂ ಎಂಬ ಚಿಕ್ಕ ಪಾಕವೂ ಕಾಣಸಿಗುತ್ತದೆ. ಅನುಪಾತ ಒಂದೇ ಆದರೂ ಅಲ್ಲಿ ಇಡೀ ಮಾನಕ 50 ಮೈಕ್ರೋಲೀಟರಿನ ಮೇಲೆ ನಿಂತಿರುತ್ತದೆ. ಪಿಪೆಟ್ಟಿನ ತುದಿಯಲ್ಲಿ ಉಳಿದ ಒಂದು ಸಣ್ಣ ಹನಿ ಸಾಕು, ಮಾನಕ ಹಾಳಾಗುವುದಕ್ಕೆ. ನೂರು ಮಿ.ಲೀ. ಮಾಡಿಕೊಂಡು ಕೊಳವೆಗಳಿಗೆ ಹಂಚುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪ್ರಮಾಣ ಸರಿಯಾಗಿದ್ದರೂ ಇನ್ನೊಂದು ಅಪಾಯ ಉಳಿದಿರುತ್ತದೆ, ಅದು ಕಣಗಳ ಗಾತ್ರ. ಒಂದೇ ತೂಕದ ಬೇರಿಯಂ ಸಲ್ಫೇಟು ನುಣುಪಾದ ಸಣ್ಣ ಕಣಗಳಾಗಿ ಇಳಿಯಬಹುದು, ಇಲ್ಲವೇ ಕಡಿಮೆ ಸಂಖ್ಯೆಯ ದಪ್ಪ ಹರಳುಗಳಾಗಿ ಇಳಿಯಬಹುದು. ಇವೆರಡೂ ಬೆಳಕನ್ನು ಒಂದೇ ರೀತಿ ಚದುರಿಸುವುದಿಲ್ಲ. ಕಲಕದೆ ಒಮ್ಮೆಲೆ ಸುರಿದರೆ ಗಾತ್ರ ಒಂದೇ ತೆರನಾಗಿರುವುದಿಲ್ಲ. ದಿನ ಕಳೆದಂತೆ ಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತಾ ಹೋಗುವುದೂ ಉಂಟು. ಹಾಗಾಗಿ ಮಾನಕವನ್ನು ಬಿಗಿಯಾದ ತಿರುಪು ಮುಚ್ಚಳದ ಕೊಳವೆಗಳಲ್ಲಿ 4ರಿಂದ 6 ಮಿ.ಲೀ.ನಂತೆ ತುಂಬಿ, ಕೋಣೆಯ ಉಷ್ಣತೆಯಲ್ಲಿ ಕತ್ತಲಲ್ಲಿ ಇಡುತ್ತಾರೆ ಮತ್ತು ಬಳಸುವ ಮೊದಲು ವೊರ್ಟೆಕ್ಸ್ ಯಂತ್ರದ ಮೇಲೆ ಜೋರಾಗಿ ಕಲಕುತ್ತಾರೆ. ಕಲಕಿದ ಮೇಲೂ ಬೆಳಕಿಗೆ ಹಿಡಿದಾಗ ಕಣಗಳು ಬಿಡಿಬಿಡಿಯಾಗಿ ಕಂಡರೆ ಆ ಕೊಳವೆಯ ಆಯುಷ್ಯ ಮುಗಿದಂತೆ. ಮಾರುಕಟ್ಟೆಯಲ್ಲಿ ಲೇಟೆಕ್ಸ್ ಕಣಗಳ ಮಾನಕಗಳೂ ದೊರೆಯುತ್ತವೆ. ಅವನ್ನು ಮಾತ್ರ ವೊರ್ಟೆಕ್ಸ್ ಮಾಡದೆ ನಿಧಾನವಾಗಿ ತಲೆಕೆಳಗು ಮಾಡಿ ಕದಡಬೇಕು.

ತಯಾರಿಸಿದ ಮಾನಕ ಸರಿಯಾಗಿದೆಯೇ ಎಂದು ಹೇಳುವುದು ಸ್ಪೆಕ್ಟ್ರೋಫೋಟೋಮೀಟರಿನ ಕೆಲಸ. ಒಂದು ಸೆಂ.ಮೀ. ದಾರಿಯ ಕ್ಯುವೆಟ್ಟಿನಲ್ಲಿ, 625 ನ್ಯಾನೊಮೀಟರ್ ತರಂಗಾಂತರದಲ್ಲಿ, 0.5 ಮಾನಕದ ಅಬ್ಸಾರ್ಬೆನ್ಸ್ 0.08ರಿಂದ 0.13ರೊಳಗೆ ಬರಬೇಕು. ಈ ಸಂಖ್ಯೆಗಳನ್ನು ಬೆಳಕಿನ ಲೆಕ್ಕಕ್ಕೆ ತಿರುಗಿಸಿದರೆ, 0.08 ಎಂದರೆ ಹಾಯಿಸಿದ ಬೆಳಕಿನಲ್ಲಿ ಸುಮಾರು ಶೇ. 83 ಆಚೆ ತಲುಪುತ್ತದೆ, 0.13 ಎಂದರೆ ಶೇ. 74 ತಲುಪುತ್ತದೆ. ಕಣ್ಣಿಗೆ ಇದು ದೊಡ್ಡ ಅಂತರವಲ್ಲ. ಆದರೆ ಕಳೆದುಹೋದ ಬೆಳಕಿನ ಕಡೆಯಿಂದ ನೋಡಿದರೆ 17ಕ್ಕೂ 26ಕ್ಕೂ ಇರುವ ಅಂತರ ಸಣ್ಣದೇನಲ್ಲ. ಮಾನಕಕ್ಕೇ ಇಷ್ಟು ಸಡಿಲ ಕೊಟ್ಟಿರುವಾಗ, ಅದರ ಜೊತೆ ಹೋಲಿಸಿ ಹೇಳುವ ಎಣಿಕೆ ಎಷ್ಟು ಬಿಗಿಯಾಗಿದ್ದೀತು ಎಂಬುದನ್ನು ನೀವು ಈಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಈ ತಪಾಸಣೆಯನ್ನು ತಿಂಗಳಿಗೊಮ್ಮೆ ಪುನಃ ಮಾಡಿ, ಓದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ವಾಡಿಕೆ. ತಿಂಗಳಿಂದ ತಿಂಗಳಿಗೆ ಓದು ಒಂದೇ ದಿಕ್ಕಿನಲ್ಲಿ ಸರಿಯುತ್ತಿದ್ದರೆ, ಮಿತಿ ದಾಟುವವರೆಗೆ ಕಾಯದೆ ಹೊಸದನ್ನು ಮಾಡಿಕೊಳ್ಳಿ.

ಇನ್ನು ಬಳಕೆಯ ವಿಷಯ. ಹಿಂದಿನ ದಿನದ ತಟ್ಟೆಯಿಂದ, ಅಂದರೆ 18ರಿಂದ 24 ಗಂಟೆ ಬೆಳೆದದ್ದರಿಂದ, ಒಂದೇ ರೂಪದ ಮೂರರಿಂದ ಐದು ಕಾಲನಿಗಳನ್ನು ತೆಗೆದು ಸಲೈನಿನಲ್ಲಿ ಕದಡುತ್ತೇವೆ. ಕೊಳವೆಯನ್ನೂ ಮಾನಕವನ್ನೂ ಪಕ್ಕಪಕ್ಕದಲ್ಲಿ ಹಿಡಿದು, ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಗೆರೆಗಳಿರುವ ಕಾರ್ಡನ್ನು ಹಿಂದೆ ಇಟ್ಟು, ಎರಡರ ಮೂಲಕವೂ ಗೆರೆಗಳು ಒಂದೇ ರೀತಿ ಮಸುಕಾಗಿ ಕಾಣುವವರೆಗೆ ಸಲೈನನ್ನೋ ಬ್ಯಾಕ್ಟೀರಿಯಾವನ್ನೋ ಸೇರಿಸುತ್ತೇವೆ. ಇಲ್ಲಿ ಕಣ್ಣು ನೋಡುವುದು ಗೆರೆಯ ಅಂಚನ್ನು, ಕೊಳವೆಯ ಬಿಳುಪನ್ನಲ್ಲ. ಕಾರ್ಡಿಲ್ಲದೆ ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ಎರಡೂ ಕೊಳವೆಗಳ ದಪ್ಪ ಒಂದೇ ಇರಬೇಕು, ಏಕೆಂದರೆ ದಪ್ಪನೆಯ ಕೊಳವೆಯಲ್ಲಿ ಬೆಳಕು ಹೆಚ್ಚು ದೂರ ಸಾಗುವುದರಿಂದ ಅದೇ ದ್ರಾವಣ ಹೆಚ್ಚು ಮಬ್ಬಾಗಿ ಕಾಣುತ್ತದೆ. ಗಾಜಿನ ಗೀರು, ಬೆರಳಿನ ಗುರುತು, ಒರೆಸದ ನೀರಿನ ಹನಿ, ಇವೆಲ್ಲವೂ ಬ್ಯಾಕ್ಟೀರಿಯಾ ಎಂದೇ ಲೆಕ್ಕಕ್ಕೆ ಬರುತ್ತವೆ. ಹೋಲಿಸಿದ ದ್ರಾವಣವನ್ನು ಹದಿನೈದು ನಿಮಿಷದೊಳಗೆ ಬಳಸಬೇಕು.

ಈ ಹೋಲಿಕೆ ತಪ್ಪಿದರೆ ಆಗುವುದೇನು ಎಂದು ಕೇಳಬಹುದು. ಡಿಸ್ಕ್ ವಿಧಾನದಲ್ಲಿ ದ್ರಾವಣ ತೆಳುವಾಗಿದ್ದರೆ ಔಷಧವು ಅಗರಿನಲ್ಲಿ ಹರಡುವುದಕ್ಕೆ ಹೆಚ್ಚು ಸಮಯ ಸಿಕ್ಕಂತಾಗಿ, ಬೆಳವಣಿಗೆಯಿಲ್ಲದ ವಲಯ ದೊಡ್ಡದಾಗುತ್ತದೆ. ನಿರೋಧಕವಾದ ಬ್ಯಾಕ್ಟೀರಿಯಾ ಸೂಕ್ಷ್ಮವೆಂದು ವರದಿಯಾಗಬಹುದು. ದ್ರಾವಣ ದಟ್ಟವಾಗಿದ್ದರೆ ವಲಯ ಕುಗ್ಗುತ್ತದೆ. ತಟ್ಟೆಯನ್ನು ನೋಡಿದರೂ ಇದು ಗೊತ್ತಾಗುತ್ತದೆ: ಸರಿಯಾದ ದ್ರಾವಣದಿಂದ ಕಾಲನಿಗಳು ಒಂದಕ್ಕೊಂದು ಕೂಡಿಕೊಂಡ ಸಮನಾದ ಹಾಸು ಬರುತ್ತದೆ, ಬಿಡಿ ಬಿಡಿ ಕಾಲನಿಗಳು ಕಂಡರೆ ದ್ರಾವಣ ತೆಳುವಾಗಿತ್ತೆಂದು ಅರ್ಥ, ಮತ್ತು ಆ ತಟ್ಟೆಯ ವಲಯಗಳನ್ನು ಅಳೆಯಬಾರದು.

ಕಣ್ಣಿನ ಬದಲು ಯಂತ್ರವನ್ನು ನಂಬಿದರೆ ಈ ತೊಡಕುಗಳೆಲ್ಲ ಬಗೆಹರಿಯುತ್ತವೆ ಎಂದು ಅನ್ನಿಸುವುದು ಸಹಜ. ಯಂತ್ರ ಏನನ್ನು ಅಳೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಣ್ಣದ ದ್ರಾವಣವನ್ನು ಇಟ್ಟಾಗ ಅಣುಗಳು ಬೆಳಕನ್ನು ಹೀರಿಕೊಳ್ಳುತ್ತವೆ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 600 ನ್ಯಾನೊಮೀಟರಿನ ಬಳಿ ಹೀರುವ ಬಣ್ಣವೇ ಇಲ್ಲ. ಅವು ಬೆಳಕನ್ನು ಪಕ್ಕಕ್ಕೆ ಚದುರಿಸುತ್ತವೆ, ಮತ್ತು ಪಕ್ಕಕ್ಕೆ ಹೋದ ಬೆಳಕು ಎದುರಿನ ಸಂವೇದಕವನ್ನು ತಲುಪುವುದಿಲ್ಲ. ಹೀರಿದ್ದೋ ಚದುರಿದ್ದೋ ಎಂಬುದು ಯಂತ್ರಕ್ಕೆ ತಿಳಿಯದು, ಅದು ಬಾರದ ಬೆಳಕನ್ನೆಲ್ಲ ಒಂದೇ ಖಾತೆಗೆ ಹಾಕುತ್ತದೆ. ಆದರೆ ಬ್ಯಾಕ್ಟೀರಿಯಾ ಗಾತ್ರದ ಕಣಗಳು ಬೆಳಕನ್ನು ಬಹುಪಾಲು ಮುಂದಕ್ಕೇ, ಸಣ್ಣ ಕೋನಗಳಲ್ಲಿ ಚದುರಿಸುತ್ತವೆ. ಸಂವೇದಕ ಕ್ಯುವೆಟ್ಟಿಗೆ ಹತ್ತಿರವಿದ್ದರೆ ಅಥವಾ ಅಗಲವಾಗಿದ್ದರೆ, ಹೀಗೆ ಸ್ವಲ್ಪವೇ ಓರೆಯಾದ ಬೆಳಕನ್ನೂ ಹಿಡಿದುಬಿಡುತ್ತದೆ, ಓದು ಕಡಿಮೆ ಬರುತ್ತದೆ. ದೂರವಿದ್ದರೆ ಓದು ಹೆಚ್ಚು ಬರುತ್ತದೆ. ಬಣ್ಣದ ದ್ರಾವಣಕ್ಕೆ ಒಂದೇ ಉತ್ತರ ಕೊಡುವ, ಎರಡೂ ಸರಿಯಾಗಿರುವ ಯಂತ್ರಗಳು ಅದೇ ಬ್ಯಾಕ್ಟೀರಿಯಾ ದ್ರಾವಣಕ್ಕೆ ಬೇರೆ ಬೇರೆ ಓದು ಕೊಡುವುದು ಇದರಿಂದಲೇ. ರಿಪೇರಿಯವರನ್ನು ಕರೆಸಿ ಪ್ರಯೋಜನವಿಲ್ಲ. ಈ ಓದನ್ನೇ ಆಪ್ಟಿಕಲ್ ಡೆನ್ಸಿಟಿ, ಚಿಕ್ಕದಾಗಿ ಓಡಿ ಎನ್ನುತ್ತೇವೆ; ಒಂದು ಪ್ರಯೋಗಾಲಯದ ಓಡಿ 0.6 ಇನ್ನೊಂದರಲ್ಲಿ 0.6 ಆಗಿರಲೇಬೇಕೆಂಬ ನಿಯಮವಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಸೂಕ್ಷ್ಮವೂ ಇದೆ. ಬೇರಿಯಂ ಸಲ್ಫೇಟಿನ ವಕ್ರೀಭವನಾಂಕ ಸುಮಾರು 1.64, ನೀರಿನದು 1.33, ಬ್ಯಾಕ್ಟೀರಿಯಾದ ಅಂಕ ನೀರಿಗಿಂತ ಸ್ವಲ್ಪವೇ ಹೆಚ್ಚು. ಹೀಗಾಗಿ ಮಾನಕದ ಕಣಗಳೂ ಬ್ಯಾಕ್ಟೀರಿಯಾಗಳೂ ಬೆಳಕನ್ನು ಚದುರಿಸುವ ಕೋನಗಳು ಒಂದೇ ಅಲ್ಲ. ಕಾರ್ಡಿನ ಮುಂದೆ ಎರಡು ಕೊಳವೆಗಳು ಸರಿಸಮವಾಗಿ ಕಂಡರೂ ಯಂತ್ರದೊಳಗೆ ಅವುಗಳ ಓದು ಸ್ವಲ್ಪ ಬೇರೆಯಾಗಬಹುದು. ಮಾನಕವನ್ನು ಯಂತ್ರದಲ್ಲಿಟ್ಟು, ಬಂದ ಓದಿಗೇ ಬ್ಯಾಕ್ಟೀರಿಯಾ ದ್ರಾವಣವನ್ನು ಹೊಂದಿಸಿದೆವು ಎನ್ನುವವರು ಈ ಮಾತನ್ನು ಗಮನಿಸಬೇಕು. ಯಂತ್ರದಲ್ಲಿ ಹೊಂದಿಸುವುದಾದರೆ ಆ ಯಂತ್ರಕ್ಕೆ ಬ್ಯಾಕ್ಟೀರಿಯಾದಿಂದಲೇ ಪಡೆದ ಹೊಂದಾಣಿಕೆ ಇರಬೇಕು. ಅದನ್ನು ಮಾಡುವ ಬಗೆಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಓದಿನ ಮಿತಿಗಳ ವಿಷಯಕ್ಕೆ ಬರೋಣ. ಓಡಿ ಸುಮಾರು 0.4 ದಾಟುವವರೆಗೆ ಓದು ಮತ್ತು ಜೀವಕೋಶಗಳ ಸಂಖ್ಯೆ ಸಾಮಾನ್ಯವಾಗಿ ಜೊತೆಜೊತೆಗೆ ಏರುತ್ತವೆ. ಅದರಾಚೆಗೆ ಒಂದು ಜೀವಕೋಶ ಪಕ್ಕಕ್ಕೆ ತಳ್ಳಿದ ಬೆಳಕನ್ನು ಮತ್ತೊಂದು ಜೀವಕೋಶ ಪುನಃ ಸಂವೇದಕದ ಕಡೆಗೆ ತಳ್ಳತೊಡಗುತ್ತದೆ, ಓದು ಹಿಂದೆ ಬೀಳುತ್ತದೆ. ಒಂದು ಉದಾಹರಣೆ ನೋಡಿ. ರಾತ್ರಿಯೆಲ್ಲ ಬೆಳೆದ ಬ್ರಾತನ್ನು ಹಾಗೆಯೇ ಇಟ್ಟಾಗ ಯಂತ್ರ 1.45 ತೋರಿಸಿತು ಎನ್ನೋಣ. ಅದನ್ನೇ ಹೊಸ ಬ್ರಾತಿನಲ್ಲಿ ಹತ್ತು ಪಟ್ಟು ತೆಳುಮಾಡಿ ನೋಡಿದಾಗ 0.23 ಬಂತು. ಹತ್ತರಿಂದ ಗುಣಿಸಿದರೆ 2.3. ನೇರ ಓದನ್ನು ನಂಬಿದ್ದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಲೆಕ್ಕದಿಂದ ತಪ್ಪಿಹೋಗುತ್ತಿತ್ತು. ಓದು 0.4ಕ್ಕಿಂತ ಮೇಲಿದ್ದರೆ ತೆಳುಮಾಡಿ ಓದಿ, ಗುಣಿಸಿ, ತೆಳುಮಾಡಿದ ಪಟ್ಟನ್ನೂ ಪಕ್ಕದಲ್ಲೇ ಬರೆಯಿರಿ.

ಕೆಳಗಿನ ತುದಿಯಲ್ಲಿ ತೊಂದರೆ ಕೊಡುವುದು ಬ್ಲ್ಯಾಂಕ್. ಹಳದಿ ಬ್ರಾತಿನಲ್ಲಿ ಬೆಳೆಸಿ ನೀರಿನಿಂದ ಸೊನ್ನೆ ಮಾಡಿದರೆ, ಬ್ರಾತಿನದೇ ಆದ ಸಣ್ಣ ಓದು ಬ್ಯಾಕ್ಟೀರಿಯಾದ ಓದಿಗೆ ಸೇರಿಕೊಳ್ಳುತ್ತದೆ. 600ರ ಬಳಿಯ ತರಂಗಾಂತರವನ್ನು ಆಯ್ದಿರುವುದೇ ಹಳದಿ ಮಾಧ್ಯಮ ಅಲ್ಲಿ ಕಡಿಮೆ ಹೀರುತ್ತದೆ ಎಂಬುದಕ್ಕಾಗಿ. ಕಡಿಮೆ ಎಂದರೆ ಸೊನ್ನೆಯಲ್ಲ. ಬ್ರಾತಿನ ಪಾಲು 0.03 ಇದ್ದರೆ 0.8ರ ಓದಿನಲ್ಲಿ ಅದು ಮುಚ್ಚಿಹೋಗುತ್ತದೆ, ಆದರೆ 0.10ರ ಓದಿನಲ್ಲಿ ಮೂರನೆಯ ಒಂದು ಭಾಗಕ್ಕೆ ಹತ್ತಿರ. ನಮ್ಮ 0.5 ಮೆಕ್‌ಫಾರ್ಲಂಡ್ ಬೀಳುವುದು ಸರಿಯಾಗಿ ಈ 0.10ರ ನೆರೆಯಲ್ಲೇ. ಆದ್ದರಿಂದ ಬ್ಯಾಕ್ಟೀರಿಯಾ ಯಾವುದರಲ್ಲಿ ಕದಡಿದೆಯೋ ಅದರಿಂದಲೇ ಸೊನ್ನೆ ಮಾಡಬೇಕು, ಅದೇ ಕ್ಯುವೆಟ್ಟಿನಲ್ಲಿ, ಅದೇ ಮುಖವನ್ನು ಬೆಳಕಿಗೆ ಒಡ್ಡಿ. ಗುಳ್ಳೆಗಳು ಹೋಗಲು ಕೆಲವು ಕ್ಷಣ ಬಿಟ್ಟು ಓದಿ, ಆದರೆ ಜೀವಕೋಶಗಳು ಕೆಳಗೆ ಕೂರುವಷ್ಟು ಹೊತ್ತು ಬಿಡಬೇಡಿ. ತೊಂಬತ್ತಾರು ಬಾವಿಗಳ ತಟ್ಟೆಯಲ್ಲಿ ಓದುವವರಿಗೆ ಒಂದು ಮಾತು: ಅಲ್ಲಿ ಬೆಳಕಿನ ದಾರಿ ಒಂದು ಸೆಂ.ಮೀ. ಅಲ್ಲ, ತುಂಬಿದ ದ್ರವದ ಎತ್ತರ. ಆ ಓದನ್ನು ಕ್ಯುವೆಟ್ಟಿನ ಓದಿನ ಪಕ್ಕದಲ್ಲಿಟ್ಟು ಹೋಲಿಸಬಾರದು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. 0.5 ಮೆಕ್‌ಫಾರ್ಲಂಡ್ ಎಂದರೆ ಮಿ.ಲೀ.ಗೆ 1ರಿಂದ 2 × 10⁸ ಕಾಲನಿ ಕಟ್ಟುವ ಘಟಕಗಳು ಎಂದು ಎಲ್ಲರೂ ಕಲಿತಿದ್ದೇವೆ. ಇನ್ನೊಂದು ಕಡೆ, ಈ. ಕೋಲೈಗೆ ಓಡಿ 1.0 ಎಂದರೆ ಮಿ.ಲೀ.ಗೆ 8 × 10⁸ ಜೀವಕೋಶಗಳು ಎಂದೂ ಕಲಿತಿದ್ದೇವೆ. ಎರಡನ್ನೂ ಜೊತೆಗಿಟ್ಟು ನೋಡಿದವರು ಕಡಿಮೆ. ಓಡಿ 1.0ಕ್ಕೆ 8 × 10⁸ ಆದರೆ 0.10ಕ್ಕೆ 0.8 × 10⁸ ಆಗಬೇಕು. ಮೆಕ್‌ಫಾರ್ಲಂಡ್ ಲೆಕ್ಕ ಅದೇ 0.10ರ ಆಸುಪಾಸಿನ ಓದಿಗೆ 1ರಿಂದ 2 × 10⁸ ಎನ್ನುತ್ತದೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಯಂತ್ರಗಳ ವ್ಯತ್ಯಾಸವನ್ನು ಆಗಲೇ ಹೇಳಿದೆ, 600 ಮತ್ತು 625 ನ್ಯಾನೊಮೀಟರಿನ ಓದುಗಳೂ ಒಂದೇ ಅಲ್ಲ. ಅದಕ್ಕಿಂತ ದೊಡ್ಡ ಕಾರಣ ಜೀವಕೋಶದ ಗಾತ್ರ. ಹೇರಳ ಆಹಾರವಿರುವ ಬ್ರಾತಿನಲ್ಲಿ ವೇಗವಾಗಿ ವಿಭಜಿಸುತ್ತಿರುವ ಈ. ಕೋಲೈ ದೊಡ್ಡದಾಗಿರುತ್ತದೆ, ರಾತ್ರಿಯೆಲ್ಲ ಬೆಳೆದು ಆಹಾರ ಮುಗಿಸಿಕೊಂಡ ಕಾಲನಿಯಲ್ಲಿನ ಅದೇ ಈ. ಕೋಲೈ ಚಿಕ್ಕದಾಗಿರುತ್ತದೆ. ಮಬ್ಬು ಹೆಚ್ಚುಕಡಿಮೆ ಜೀವದ್ರವ್ಯದ ಒಟ್ಟು ಮೊತ್ತವನ್ನು ಹಿಂಬಾಲಿಸುತ್ತದೆ, ತಲೆಗಳ ಲೆಕ್ಕವನ್ನಲ್ಲ. ಒಂದೇ ಓದಿಗೆ ಚಿಕ್ಕ ಜೀವಕೋಶಗಳು ಹೆಚ್ಚು ಬೇಕು, ದೊಡ್ಡವು ಕಡಿಮೆ ಸಾಕು.

ಗಾತ್ರದ ಮಾತು ಅತಿರೇಕಕ್ಕೆ ಹೋಗುವುದನ್ನು ನೋಡಬೇಕಾದರೆ ಕ್ಯಾಂಡಿಡಾದಂತಹ ಯೀಸ್ಟನ್ನು ನೋಡಿ. ಅದೇ 0.5 ಮಾನಕಕ್ಕೆ ಹೊಂದಿಸಿದ ದ್ರಾವಣದಲ್ಲಿ ಮಿ.ಲೀ.ಗೆ 1ರಿಂದ 5 × 10⁶ ಮಾತ್ರ ಇರುತ್ತದೆ. ಬ್ಯಾಕ್ಟೀರಿಯಾದ ಸಂಖ್ಯೆಗೆ ಹೋಲಿಸಿದರೆ ಹತ್ತಾರು ಪಟ್ಟು ಕಡಿಮೆ. ಮಾನಕದ ಮೇಲೆ ಅಂಟಿಸಿರುವ 1.5 × 10⁸ ಎಂಬ ಚೀಟಿ ಕೊಳವೆಯೊಳಗಿನ ಬೇರಿಯಂ ಸಲ್ಫೇಟಿನ ಗುಣವಲ್ಲ, ಈ. ಕೋಲೈನಂತಹ ಬ್ಯಾಕ್ಟೀರಿಯಾವನ್ನು ಅದರ ಪಕ್ಕ ಇಟ್ಟಾಗ ಕಂಡ ಸಂಗತಿ. ಬೇರೆ ಜೀವಿಯನ್ನು ಇಟ್ಟರೆ ಚೀಟಿಯೂ ಬದಲಾಗಬೇಕು.

ಸತ್ತ ಜೀವಕೋಶಗಳೂ ಬೆಳಕನ್ನು ಚದುರಿಸುತ್ತವೆ. ಮೂರು ದಿನ ಹಳೆಯ ತಟ್ಟೆಯಿಂದ ಕಾಲನಿ ತೆಗೆದು 0.5ಕ್ಕೆ ಕರಾರುವಾಕ್ಕಾಗಿ ಹೊಂದಿಸಿದರೂ ಬದುಕಿರುವವು ಅದರ ಒಂದು ಪಾಲು ಮಾತ್ರ ಇರಬಹುದು. 18ರಿಂದ 24 ಗಂಟೆ ಎಂಬ ನಿಯಮ ಇರುವುದು ಇದಕ್ಕಾಗಿ. ಪೆನಿಸಿಲಿನ್ ಗುಂಪಿನ ಕೆಲವು ಔಷಧಗಳಿಗೆ ಒಡ್ಡಿದ ಈ. ಕೋಲೈ ವಿಭಜಿಸಲಾಗದೆ ಉದ್ದನೆಯ ಎಳೆಯಂತೆ ಬೆಳೆಯುತ್ತಾ ಹೋಗುತ್ತದೆ. ಆಗ ಓಡಿ ಏರುತ್ತಿರುತ್ತದೆ, ಕಾಲನಿಗಳ ಸಂಖ್ಯೆ ಏರುವುದಿಲ್ಲ. ಔಷಧ ಎಷ್ಟು ವೇಗವಾಗಿ ಕೊಲ್ಲುತ್ತದೆ ಎಂಬುದನ್ನು ಓಡಿಯಿಂದ ಹೇಳಲು ಹೊರಟವರು ಇಲ್ಲಿ ಮೋಸಹೋಗುತ್ತಾರೆ. ಅಂತಹ ಪ್ರಯೋಗಕ್ಕೆ ತಟ್ಟೆಯೇ ಬೇಕು. ಗೊಂಚಲು ಕಟ್ಟುವ ಸ್ಟೆಫೈಲೊಕಾಕಸ್ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ. ಹತ್ತು ಜೀವಕೋಶಗಳ ಒಂದು ಗೊಂಚಲು ತಟ್ಟೆಯ ಮೇಲೆ ಒಂದೇ ಕಾಲನಿಯಾಗುತ್ತದೆ. ಇಲ್ಲಿ ತಪ್ಪುವುದು ಮಬ್ಬಿಗಿಂತ ಹೆಚ್ಚಾಗಿ ತಟ್ಟೆಯ ಎಣಿಕೆಯೇ, ಹಾಗಾಗಿ ಎರಡೂ ಹೊಂದದಿದ್ದಾಗ ಯಾವಾಗಲೂ ಯಂತ್ರವನ್ನೇ ದೂರುವುದು ನ್ಯಾಯವಲ್ಲ. ಮೈಕೊಬ್ಯಾಕ್ಟೀರಿಯಾದಲ್ಲಿ ಇದು ಇನ್ನೂ ಹೆಚ್ಚು. ಗಾಜಿನ ಮಣಿಗಳ ಜೊತೆ ವೊರ್ಟೆಕ್ಸ್ ಮಾಡಿ, ದೊಡ್ಡ ಗಡ್ಡೆಗಳು ಕೆಳಗೆ ಕೂರಲು ಬಿಟ್ಟು, ಮೇಲಿನ ದ್ರವವನ್ನು ಮಾತ್ರ ತೆಗೆದು ಹೋಲಿಸುತ್ತಾರೆ.

ಹಾಗಾದರೆ ನಿಮ್ಮ ಯಂತ್ರದಲ್ಲಿ, ನಿಮ್ಮ ತಳಿಗೆ, ಓದಿನಿಂದ ಎಣಿಕೆಗೆ ಹೋಗುವ ಗುಣಕವನ್ನು ನೀವೇ ಕಂಡುಕೊಳ್ಳಬೇಕು. ಇದಕ್ಕೆ ಒಂದು ಸಲ ತಟ್ಟೆ ಎಣಿಕೆ ಮಾಡಲೇಬೇಕು. ಮುಂದೆ ಅದನ್ನು ಉಳಿಸಲಿಕ್ಕಾಗಿಯೇ ಈಗ ಮಾಡುವುದು. ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಬೆಳೆಯುತ್ತಿರುವ ಈ. ಕೋಲೈ ಬ್ರಾತಿನ ಓದು ಸರಿಯಾದ ಬ್ಲ್ಯಾಂಕಿನೊಂದಿಗೆ 0.20 ಇದೆ. ಓದಿದ ಕೂಡಲೇ ಅದನ್ನು ಹತ್ತು ಪಟ್ಟಿನ ಹಂತಗಳಲ್ಲಿ ಐದು ಸಲ ತೆಳುಮಾಡುತ್ತೇವೆ, ಪ್ರತಿ ಹಂತಕ್ಕೂ ಹೊಸ ಪಿಪೆಟ್ ತುದಿ. ಕೊನೆಯ ಕೊಳವೆಯಿಂದ 0.1 ಮಿ.ಲೀ.ನಂತೆ ಮೂರು ತಟ್ಟೆಗಳಿಗೆ ಹರಡುತ್ತೇವೆ. ಮರುದಿನ 148, 163 ಮತ್ತು 151 ಕಾಲನಿಗಳು ಕಂಡವೆನ್ನಿ. ಸರಾಸರಿ 154. ಹರಡಿದ್ದು ಮಿ.ಲೀ.ನ ಹತ್ತನೆಯ ಒಂದು ಭಾಗ, ತೆಳುಮಾಡಿದ್ದು ಲಕ್ಷ ಪಟ್ಟು. ಆದ್ದರಿಂದ

```
154 × 10 × 10⁵ = 1.54 × 10⁸
1.54 × 10⁸ ÷ 0.20 = 7.7 × 10⁸
```

ಅಂದರೆ ಈ ಯಂತ್ರದಲ್ಲಿ, ಈ ತಳಿಯ ಬೆಳೆಯುತ್ತಿರುವ ಹಂತದಲ್ಲಿ, ಓಡಿ 1.0ಕ್ಕೆ ಮಿ.ಲೀ.ಗೆ 7.7 × 10⁸. ಇದೊಂದೇ ಬಿಂದುವಿನ ಮೇಲೆ ನಿಲ್ಲಬಾರದು, 0.05, 0.1, 0.3 ಓದುಗಳಲ್ಲೂ ಇದನ್ನೇ ಮಾಡಿ, ಬಿಂದುಗಳು ಸೊನ್ನೆಯ ಮೂಲಕ ಹಾಯುವ ನೇರ ಗೆರೆಯ ಮೇಲೆ ಕೂರುತ್ತವೆಯೇ ಎಂದು ನೋಡಬೇಕು. ಗೆರೆ ಸೊನ್ನೆಯ ಬದಲು ಓದಿನ ಅಕ್ಷವನ್ನು 0.03ರಲ್ಲಿ ಮುಟ್ಟಿದರೆ ಮೊದಲು ಅನುಮಾನಿಸಬೇಕಾದದ್ದು ಬ್ಲ್ಯಾಂಕನ್ನು. ಮೇಲಿನ ತುದಿಯಲ್ಲಿ ಗೆರೆ ಬಾಗಿದರೆ ಯಂತ್ರದ ಮಿತಿ ಎಲ್ಲಿದೆ ಎಂದು ತಿಳಿಯಿತು. ನೂರೈವತ್ತರ ಸುತ್ತಮುತ್ತ ಎಣಿಸಿದಾಗ ಕೇವಲ ಆಕಸ್ಮಿಕದಿಂದಲೇ ಹನ್ನೆರಡು ಕಾಲನಿಗಳಷ್ಟು ಏರುಪೇರು ಸಹಜ, ಹಾಗಾಗಿ 7.7ನ್ನು 7.70 ಎಂದು ಬರೆಯುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ, ಈ ಸಡಿಲ ಎಲ್ಲಿ ನಿಜವಾಗಿ ಕಚ್ಚುತ್ತದೆ ಎಂಬುದನ್ನು ಬ್ರಾತ್ ಮೈಕ್ರೋಡೈಲ್ಯೂಷನ್ ಪರೀಕ್ಷೆಯಲ್ಲಿ ನೋಡೋಣ. ಔಷಧದ ಕನಿಷ್ಠ ತಡೆಯುವ ಸಾಂದ್ರತೆಯನ್ನು ಅಳೆಯುವ ಆ ತಟ್ಟೆಯ ಪ್ರತಿ ಬಾವಿಯಲ್ಲಿ ಕೊನೆಗೆ ಮಿ.ಲೀ.ಗೆ 5 × 10⁵ ಇರಬೇಕು. 2ರಿಂದ 8 × 10⁵ರವರೆಗೆ ಒಪ್ಪುತ್ತಾರೆ. 0.5 ಮೆಕ್‌ಫಾರ್ಲಂಡ್ ದ್ರಾವಣವನ್ನು 1 × 10⁸ ಎಂದು ಹಿಡಿದು, 100 ಮೈಕ್ರೋಲೀಟರನ್ನು 9.9 ಮಿ.ಲೀ. ಬ್ರಾತಿಗೆ ಹಾಕಿದರೆ 1 × 10⁶ ಆಗುತ್ತದೆ. ಅದರ 50 ಮೈಕ್ರೋಲೀಟರನ್ನು ಬಾವಿಯಲ್ಲಿ ಆಗಲೇ ಇರುವ 50 ಮೈಕ್ರೋಲೀಟರ್ ಔಷಧದ ದ್ರಾವಣಕ್ಕೆ ಸೇರಿಸಿದರೆ 5 × 10⁵. ಇದನ್ನು ಪರೀಕ್ಷಿಸುವ ವಿಧಾನ ಬಹಳ ಸುಲಭವಾದದ್ದು, ಆದರೂ ಬಹಳ ಕಡೆ ಬಿಟ್ಟುಬಿಡುತ್ತಾರೆ. ಔಷಧವಿಲ್ಲದ ಬಾವಿಯಿಂದ, ತುಂಬಿದ ತಕ್ಷಣವೇ, 10 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಸಲೈನಿಗೆ ಹಾಕಿ, ಕಲಕಿ, ಅದರಿಂದ 0.1 ಮಿ.ಲೀ. ಅಗರ್ ತಟ್ಟೆಗೆ ಹರಡಿ. ಸಾವಿರ ಪಟ್ಟು ತೆಳುವಾದಾಗ ಮಿ.ಲೀ.ಗೆ 500, ಹತ್ತನೆಯ ಒಂದು ಭಾಗದಲ್ಲಿ 50 ಕಾಲನಿ. ಒಪ್ಪುವ ಮಿತಿ 20ರಿಂದ 80.

ಈಗ 1ರಿಂದ 2 × 10⁸ ಎಂಬ ಸಡಿಲವನ್ನು ಈ ತಟ್ಟೆಗೆ ತನ್ನಿ. ನಿಮ್ಮ 0.5 ದ್ರಾವಣದಲ್ಲಿ ನಿಜಕ್ಕೂ 1.5 × 10⁸ ಇದ್ದರೆ 75 ಕಾಲನಿಗಳು ಬರುತ್ತವೆ. ಮಿತಿಯ ಒಳಗೇ ಇದ್ದರೂ ಅಂಚಿನಲ್ಲಿ. 2 × 10⁸ ಇದ್ದರೆ 100 ಬರುತ್ತವೆ, ಪರೀಕ್ಷೆ ಮಿತಿಯ ಹೊರಗೆ. ಮಾನಕದಲ್ಲಿ ತಪ್ಪಿಲ್ಲ, ಹೋಲಿಕೆಯಲ್ಲೂ ತಪ್ಪಿಲ್ಲ, ಆದರೂ ಬಾವಿಯಲ್ಲಿ ಬ್ಯಾಕ್ಟೀರಿಯಾ ಎರಡು ಪಟ್ಟು. ಒಂದು ತಳಿಗೆ ವಾರದಿಂದ ವಾರಕ್ಕೆ 90ರ ಸುತ್ತ ಬರುತ್ತಿದ್ದರೆ 0.5ಕ್ಕೆ ಹೊಂದಿಸುವುದನ್ನು ಹಾಗೆಯೇ ಬಿಟ್ಟು, ನೂರು ಪಟ್ಟಿನ ಬದಲು ನೂರೆಂಬತ್ತು ಪಟ್ಟು ತೆಳುಮಾಡಿ. ಹತ್ತು ಹನ್ನೆರಡಕ್ಕೆ ಇಳಿದರೆ ಗುಣಕವನ್ನು ತಿದ್ದಲು ಹೋಗಬೇಡಿ. ತಟ್ಟೆ ಎಷ್ಟು ಹಳೆಯದು, ದ್ರಾವಣ ಎಷ್ಟು ಹೊತ್ತು ಮೇಜಿನ ಮೇಲಿತ್ತು, ಗೊಂಚಲುಗಳು ಬಿಡಿಸಿಕೊಂಡಿದ್ದವೇ ಎಂದು ಆ ಕ್ರಮದಲ್ಲಿ ವಿಚಾರಿಸಿ.